‘ಈಗ ಸಂಬಳ ಎಷ್ಟು?’ ಎಂದು ಮೊದಲೇ ಕೇಳಿದಾಗ: ಹೊಸೂರಿನಿಂದ ನನ್ನ ಅನುಭವ

ಈಗಿನ ಸಂಬಳ ಬಾಯಿಬಿಟ್ಟರೆ ಚೌಕಾಸಿ ಅಲ್ಲಿಗೇ ಮುಗಿಯಿತು ಎಂದು ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಗೆಳೆಯರು ವಾದಿಸುತ್ತಿದ್ದರು. ಆದರೆ ಬಾಯಿಬಿಟ್ಟ ಮೇಲೂ ಕೇಳಿದ್ದು ಸಿಗುತ್ತದೆ. ಅತ್ತಿಬೆಲೆ ದಾಟಿ ಬೊಮ್ಮಸಂದ್ರದಲ್ಲಿ ನನಗೆ ಸಿಕ್ಕಿದ್ದು ಹಾಗೆಯೇ.

ಮುಚ್ಚಿಡುವ ದಾರಿಗಳು ಕೆಲಸಕ್ಕೆ ಬರಲಿಲ್ಲ. ಅರ್ಜಿಯಲ್ಲಿ ಸೊನ್ನೆ ಹಾಕಿದರೆ ಎಚ್‌ಆರ್ ಫೋನ್ ಮಾಡಿ ಅದನ್ನೇ ಕೇಳುತ್ತಾರೆ. ಹೆಚ್ಚಿಸಿ ಹೇಳಿದರೆ ಪೇಸ್ಲಿಪ್, ಫಾರ್ಮ್ 16 ಕೇಳಿದ ದಿನ ಆಫರ್ ಕೈತಪ್ಪುತ್ತದೆ. ನಿಜವನ್ನೇ ಹೇಳಬೇಕು, ಆದರೆ ಕಂಪನಿ ವರ್ಷಕ್ಕೆ ನಮ್ಮ ಮೇಲೆ ಮಾಡುವ ಒಟ್ಟು ಖರ್ಚಾದ ಸಿಟಿಸಿಯನ್ನು ಒಂದೇ ಅಂಕಿಯಾಗಿ ಅಲ್ಲ, ಬಿಡಿಸಿ.

ನನ್ನ ಸಿಟಿಸಿ ಸುಮಾರು 6 ಲಕ್ಷ. ಅದರಲ್ಲಿ ವೇರಿಯಬಲ್, ಅಂದರೆ ಕೆಲಸ ನೋಡಿ ಕೊಡುವ, ತಿಂಗಳ ಸಂಬಳದಲ್ಲಿ ಬಾರದ ಭಾಗ, 60,000. ಬೇಸಿಕ್ ತಿಂಗಳಿಗೆ 25,000, ಕಂಪನಿಯ ಪಾಲಿನ ಪಿಎಫ್ ವರ್ಷಕ್ಕೆ 36,000, ಗ್ರಾಚ್ಯುಟಿ ಎಂದು ತೋರಿಸುವುದು 14,000 ಚಿಲ್ಲರೆ. ವೇರಿಯಬಲ್, ಕಂಪನಿಯ ಪಿಎಫ್, ಗ್ರಾಚ್ಯುಟಿ ಕಳೆದು, ನಮ್ಮ ಪಾಲಿನ ಪಿಎಫ್ ಹಿಡಿದ ಮೇಲೆ ತಿಂಗಳಿಗೆ ಕೈಗೆ 37,800 ಆಸುಪಾಸು.

ಬೊಮ್ಮಸಂದ್ರದ ಕಂಪನಿ ಕೊಟ್ಟ ಆಫರ್ 7.2 ಲಕ್ಷ. ಶೇ 20 ಏರಿಕೆ ಎಂದು ಎಚ್‌ಆರ್ ಒತ್ತಿ ಹೇಳಿದರು. ಬಿಡಿಸಿ ನೋಡಿದರೆ ವೇರಿಯಬಲ್ಲೇ ಶೇ 20, ಅಂದರೆ 1,44,000. ಬೇಸಿಕ್ 30,000 ಆದ್ದರಿಂದ ಪಿಎಫ್, ಗ್ರಾಚ್ಯುಟಿ ಎರಡೂ ಏರಿದ್ದವು. ಕೈಗೆ ಬರುವುದು 39,300 ಅಷ್ಟೇ. ಹೊಸೂರಿನ ಕಂಪನಿ ಬಸ್ಸು, ಕ್ಯಾಂಟೀನ್ ಊಟ ಬಿಟ್ಟು ಹೋದರೆ ಆ 1,500 ಅದಕ್ಕೇ ಸಾಲದು.

ಹಾಗಾಗಿ ಸಿಟಿಸಿ ಹೆಚ್ಚಿಸಿ ಎಂದು ಕೇಳಲೇ ಇಲ್ಲ. ‘7.2 ಲಕ್ಷ ಹಾಗೇ ಇರಲಿ ಸರ್, ವೇರಿಯಬಲ್ ಶೇ 10 ಮಾಡಿ, ಉಳಿದದ್ದನ್ನು ಬೇಸಿಕ್ ಮುಟ್ಟದೆ ಸ್ಪೆಷಲ್ ಅಲೋವೆನ್ಸ್‌ಗೆ ಸೇರಿಸಿ’ ಎಂದೆ. ಎರಡೂ ಕಡೆಯ ಲೆಕ್ಕ ಒಂದೇ ಹಾಳೆಯಲ್ಲಿ ಮೇಲ್ ಹೋಗಿತ್ತು. ಹುದ್ದೆಯ ಗ್ರೇಡ್ ಮಿತಿ ದಾಟದ ಬೇಡಿಕೆ ಇದು, ಎಚ್‌ಆರ್ ಮೇಲಿನವರ ಬಳಿ ಹೊಸ ಬಜೆಟ್‌ಗೆ ಹೋಗಬೇಕಿಲ್ಲ. ತಿಂಗಳಿಗೆ ಇನ್ನೂ 6,000 ಕೈಗೆ ಸೇರಿತು. ಹಾಳೆಯಲ್ಲಿ ಯಾವ ಸಾಲನ್ನು ಮೊದಲು ಇಟ್ಟೆ ಎಂಬುದು ಮಾತ್ರ ನನ್ನಲ್ಲೇ ಇರಲಿ.

ಜಾಯಿನಿಂಗ್ ಬೋನಸ್ ಕೇಳುವುದನ್ನೂ ಬೇರೆ ಕಡೆ ಪರೀಕ್ಷಿಸಿದ್ದೆ. ಕೊಡುತ್ತಾರೆ, ಆದರೆ ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕೆಂಬ ಷರತ್ತು ಸಾಮಾನ್ಯ. ಮುಂದಿನ ಕಂಪನಿ ಈಗಿನ ಸಂಬಳ ಕೇಳಿದಾಗ ಅದು ಲೆಕ್ಕಕ್ಕೂ ಬರುವುದಿಲ್ಲ.

ಇಲ್ಲಿ ಫೋನಿನಲ್ಲಿ ತಮಿಳು, ಕನ್ನಡ ಬೆರೆಸಿ ‘ಆಯ್ತು, ಮಾಡಿಕೊಡ್ತೀವಿ’ ಎನ್ನುವುದು ಸುಲಭ. ತಿದ್ದಿದ ಆಫರ್ ಲೆಟರ್‌ನ ಸಂಬಳದ ಪಟ್ಟಿಯಲ್ಲಿ ವೇರಿಯಬಲ್ ಸಾಲು ಕಣ್ಣಾರೆ ನೋಡುವ ತನಕ ಹಳೆಯ ಕಡೆ ರಾಜೀನಾಮೆ ಹಾಕಬೇಡಿ. ನೋಟಿಸ್ ಶುರುವಾದ ಮೇಲೆ ಆ ಸಾಲನ್ನು ಯಾರೂ ತಿದ್ದಿಕೊಡುವುದಿಲ್ಲ.