ಒಂದೇ ತೂಕಕ್ಕೆ ಎರಡು ಸಲ ಬಟವಾಡೆ: ತೋಟದ ಆ್ಯಪಿಗೆ ರಿಟ್ರೈ ಬರೆದ ನನ್ನ ಅನುಭವ

ಈ ಸಲದ ರೊಬಸ್ಟಾ ಕಾಫಿ ಕುಯ್ಲು ಮುಗಿಯಿತು. ಮೂಡಿಗೆರೆ ಸುತ್ತಿನ 11 ತೋಟ, 30 ಫೋನು, ಸುಮಾರು 40 ಸಾವಿರ ತೂಕದ ಎಂಟ್ರಿ. ಒಂದೂ ಎರಡೆರಡು ಸಲ ಬರೆದುಕೊಂಡಿಲ್ಲ. "ಈ ಕಾಡಲ್ಲಿ ಫೋನ್ ನಂಬಿ ಬಟವಾಡೆ ಮಾಡೋದುಂಟಾ ಮಾರಾಯ" ಅಂತ ಎರಡು ವರ್ಷ ನಕ್ಕವರೇ ಈಗ ಭಾವನ ತೋಟಕ್ಕೂ ಹಾಕಿಕೊಡು ಅನ್ನುತ್ತಿದ್ದಾರೆ. ಹಾಗಾಗಿ ಬರೆಯುವ ಧೈರ್ಯ ಬಂತು.

ಕೆಲಸ ದೊಡ್ಡದೇನಲ್ಲ. ಸಂಜೆ ನಾಲ್ಕರ ಹೊತ್ತಿಗೆ ಆಳುಗಳು ಹಣ್ಣಿನ ಚೀಲ ಹೊತ್ತು ಕಣಕ್ಕೆ ಬರುತ್ತಾರೆ. ತಕ್ಕಡಿ ಹತ್ತಿರ ನಿಂತ ರೈಟ್ರು ಹೆಸರು ಒತ್ತಿ ಕೆಜಿ ಹಾಕುತ್ತಾರೆ. ಅರ್ಧ ಗಂಟೆಯಲ್ಲಿ 60 ಎಂಟ್ರಿ. ಎಲ್ಲ ಮೊದಲು ಫೋನಿನಲ್ಲೇ ಉಳಿದು ಆಮೇಲೆ ಸರ್ವರಿಗೆ ಹೋಗಬೇಕು. ಸಿಲ್ವರ್ ಓಕ್ ಮರದ ಅಡಿ ಒಂದು ಗೆರೆ ಸಿಗ್ನಲ್ ಇದ್ದರೆ ಪುಣ್ಯ. ಕರೆಂಟ್ ಹೋಗಿ ಒಂದೆರಡು ಗಂಟೆಯಾದರೆ ಟವರೂ ಮಲಗುತ್ತೆ.

ಮೊದಲ ವರ್ಷ ಅರೇಬಿಕಾ ಸಮಯದಲ್ಲೇ ಕೈಸುಟ್ಟಿತು. ಹತ್ತು ಸೆಕೆಂಡ್ ಟೈಮ್‌ಔಟ್, ಸೋತರೆ ಮತ್ತೆ ಕಳಿಸು, ಅಷ್ಟೇ ಬರೆದಿದ್ದೆ. ಒಂದು ಶನಿವಾರ ಸಾಹುಕಾರ್ರು ಫೋನ್ ಮಾಡಿ, "ಪಲ್ಪರ್ ಮನೆ ಲೆಕ್ಕಕ್ಕೂ ನಿನ್ನ ಲೆಕ್ಕಕ್ಕೂ ತಾಳೆನೇ ಆಗ್ತಿಲ್ಲ, ನಿಂದು ಜಾಸ್ತಿ ತೋರಿಸ್ತಿದೆ" ಅಂದರು. ತೆಗೆದು ನೋಡಿದರೆ ಒಬ್ಬಳೇ ಹೆಣ್ಣಾಳಿಗೆ 38 ಕೆಜಿ, ಅದರ ಕೆಳಗೆ ಮತ್ತೆ 38 ಕೆಜಿ, ನಡುವೆ 11 ಸೆಕೆಂಡ್ ಅಂತರ. ಮೊದಲನೇ ಸಲ ಕಳಿಸಿದ್ದು ಸರ್ವರಿಗೆ ಮುಟ್ಟಿತ್ತು, ಬರೆದೂ ಆಗಿತ್ತು. ಉತ್ತರ ಮಾತ್ರ ವಾಪಸ್ ಬರುವ ದಾರಿಯಲ್ಲಿ ಬಿದ್ದುಹೋಗಿತ್ತು. ಫೋನಿಗೆ ಅದು ಸೋಲು, ಹಾಗಾಗಿ ಮತ್ತೆ ಕಳಿಸಿತು. ಆ ವಾರ ಹೀಗೆ ಹೆಚ್ಚಾದದ್ದು 1,900 ಕೆಜಿ ಆಸುಪಾಸು. ಕೆಜಿಗೆ ಐದು ರೂಪಾಯಿ ಲೆಕ್ಕದಲ್ಲಿ ಒಂಬತ್ತೂವರೆ ಸಾವಿರ ಬಟವಾಡೆ ಆಗಿಹೋಗಿತ್ತು. ಆಳುಗಳ ಕೈಯಿಂದ ವಾಪಸ್ ಕೇಳುವ ಹಾಗಿಲ್ಲ. ನನ್ನ ಜೇಬಿನಿಂದಲೇ ಕಟ್ಟಿಕೊಟ್ಟೆ.

ಪ್ರತಿ ಎಂಟ್ರಿಗೂ ಫೋನಿನಲ್ಲೇ ಒಂದು ಯುಯುಐಡಿ ಕೊಡಬೇಕು ಅನ್ನೋದು ಗೊತ್ತಿದ್ದ ವಿಷಯವೇ. ಕೊಟ್ಟೆ ಕೂಡ. ಆದರೂ ಡಬಲ್ ನಿಲ್ಲಲಿಲ್ಲ. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಕಂಡದ್ದು: ಐಡಿ ಹುಟ್ಟಿಸುವ ಸಾಲನ್ನು ಕಳಿಸುವ ಫಂಕ್ಷನ್ ಒಳಗೇ ಇಟ್ಟಿದ್ದೆ. ಪ್ರತಿ ರಿಟ್ರೈಗೂ ಹೊಸ ಐಡಿ! ರೈಟ್ರು ಸೇವ್ ಒತ್ತಿದ ಕ್ಷಣದಲ್ಲೇ ಐಡಿ ಹುಟ್ಟಿ ಎಂಟ್ರಿ ಜೊತೆಗೇ ಫೋನಿನ ಡೇಟಾಬೇಸಿಗೆ ಹೋಗಬೇಕು. ಸರ್ವರ್ ಕಡೆ `client_id` ಮೇಲೆ ಯೂನಿಕ್ ಇಂಡೆಕ್ಸ್, ಜೊತೆಗೆ ಇದು:

```sql
INSERT INTO weighments (client_id, worker_id, kg, weighed_at)
VALUES ($1, $2, $3, $4)
ON CONFLICT (client_id) DO NOTHING;
```

ಇಲ್ಲೂ ಒಂದು ಎಡವಟ್ಟು ಮಾಡಿದ್ದೆ. ಎರಡನೇ ಸಲ ಬಂದ ಎಂಟ್ರಿಗೆ ಸರ್ವರಿನಿಂದ 409 ಕೊಡಿಸಿದೆ. ಫೋನು ಅದನ್ನೂ ಸೋಲು ಅಂದುಕೊಂಡು, ಸರ್ವರಿನಲ್ಲಿ ಆಗಲೇ ಇರುವ ಎಂಟ್ರಿಯನ್ನೇ ರಾತ್ರಿಯಿಡೀ ಕಳಿಸುತ್ತಾ ಕೂತಿತ್ತು. ಈಗ ಹೊಸದಾದರೂ ಹಳೆಯದಾದರೂ 200 ಒಂದೇ.

ಮುಂದಿನದು ಕಾಯುವ ಲೆಕ್ಕ. ಆಗ ಐದು ಸೆಕೆಂಡಿಗೊಮ್ಮೆ ಬಡಿಯುತ್ತಿತ್ತು. ಜನವರಿಯ ಒಂದು ಸಂಜೆ ಇಡೀ ಸೀಮೆಗೆ ಕರೆಂಟ್ ಹೋಯಿತು, ಟವರುಗಳು ಒಂದೊಂದೇ ಸತ್ತವು. ರಾತ್ರಿ ಎಂಟಕ್ಕೆ ಕರೆಂಟ್ ಬಂದದ್ದೇ ತಡ, ಅಷ್ಟೂ ಫೋನುಗಳು ತಲಾ 60 ಎಂಟ್ರಿ ಹಿಡಿದುಕೊಂಡು ಒಟ್ಟಿಗೇ ನುಗ್ಗಿದವು. ತಿಂಗಳಿಗೆ ಐನೂರು ರೂಪಾಯಿಯ ನನ್ನ ಸರ್ವರ್ ಅಡ್ಡ ಮಲಗಿತು. ಅದು ಏಳುವಷ್ಟರಲ್ಲಿ ಮುಂದಿನ ಐದು ಸೆಕೆಂಡಿನ ಅಲೆ. ಜಾಸ್ತಿ ದುಡ್ಡಿನ ಸರ್ವರ್ ತಗೋ ಅಂತ ಬೆಂಗಳೂರಿನ ಗೆಳೆಯ ಹೇಳಿದ. ತಗೊಳ್ಳಲಿಲ್ಲ. 20 ಎಂಟ್ರಿಗೆ ಒಂದು ಕಟ್ಟು ಮಾಡಿದೆ, ಕಾಯುವ ಹೊತ್ತನ್ನು ದುಪ್ಪಟ್ಟು ಮಾಡುತ್ತಾ ಹೋದೆ, ಅದರೊಳಗೆ ಜಿಟ್ಟರ್ ಸೇರಿಸಿದೆ:

```kotlin
val cap = minOf(300_000L, 2_000L shl minOf(attempt, 8))
val waitMs = Random.nextLong(1_000L, cap + 1)
```

ಎರಡು ಸೆಕೆಂಡಿನಿಂದ ಶುರು, ಐದು ನಿಮಿಷಕ್ಕೆ ಮಿತಿ. ಜಿಟ್ಟರ್ ಬಿಟ್ಟು ಬರೀ ದುಪ್ಪಟ್ಟು ಮಾಡಿಯೂ ನೋಡಿದ್ದೆ. ಒಟ್ಟಿಗೆ ಸೋತ ಫೋನುಗಳು ಒಟ್ಟಿಗೇ ಕಾದು ಒಟ್ಟಿಗೇ ಬರುತ್ತವೆ, ಅಲೆ ದೂರವಾಗುತ್ತೆ ಹೊರತು ಚಿಕ್ಕದಾಗಲ್ಲ.

ಇಷ್ಟನ್ನು `WorkManager` ತಾನೇ ಮಾಡುತ್ತಲ್ಲ ಅಂತ ಕೇಳುವವರಿದ್ದಾರೆ. ಅದರ ಡಿಫಾಲ್ಟ್ 30 ಸೆಕೆಂಡ್, ದುಪ್ಪಟ್ಟಾಗುತ್ತಾ ಐದು ಗಂಟೆಯವರೆಗೂ ಹೋಗುತ್ತೆ. ಒಂಬತ್ತನೇ ಕಾಯುವಿಕೆಯೇ ಎರಡು ಗಂಟೆ ದಾಟಿತು. ಟವರ್ ಬಂದು ಎಷ್ಟೋ ಹೊತ್ತಾದರೂ ಫೋನು ತೂಕಡಿಸುತ್ತಿರುತ್ತೆ. ಅದಕ್ಕೆ ನೆಟ್‌ವರ್ಕ್‌ನ `NET_CAPABILITY_VALIDATED` ಬಂದ ಕೂಡಲೇ `attempt` ಅನ್ನು ಸೊನ್ನೆ ಮಾಡಿ, 20 ಸೆಕೆಂಡಿನೊಳಗೆ ಯಾವಾಗಲೋ ಒಂದು ಸಲ ಕಳಿಸುತ್ತೇನೆ. `WorkManager` ಹಿಂದೆ ಕಾವಲಿಗಷ್ಟೇ ಇದೆ. ಬ್ಯಾಟರಿ ಉಳಿಸುತ್ತೇನೆ ಅಂತ ಆ್ಯಪನ್ನೇ ಕೊಲ್ಲುವ ಕೆಲವು ಫೋನುಗಳನ್ನು ಹೇಗೆ ಪಳಗಿಸಿದೆ ಅನ್ನೋದು ಮಾತ್ರ ನನ್ನ ಹೊಟ್ಟೆಪಾಡು, ಅದನ್ನು ಇಲ್ಲಿ ಹೇಳಲ್ಲ.

ನಡುವೆ ಎಸ್‌ಎಂಎಸ್ ಹುಚ್ಚೂ ಹಿಡಿದಿತ್ತು. ಡೇಟಾ ಇಲ್ಲದ ಕಡೆ ಎಸ್‌ಎಂಎಸ್ ಆದರೂ ಹೋಗುತ್ತಲ್ಲ ಅಂತ. ಕನ್ನಡದಲ್ಲಿ ಬರೆದರೆ ಒಂದು ಸಂದೇಶಕ್ಕೆ 70 ಅಕ್ಷರವಷ್ಟೇ, ಇಂಗ್ಲಿಷ್ ಅಕ್ಷರವಾದರೆ 160. ಆಳಿನ ನಂಬರು, ಕೆಜಿ ಮಾತ್ರ ತುರುಕಿ ಹದಿನೈದು ದಿನ ಓಡಿಸಿದೆ. ಟವರ್ ಸತ್ತಾಗ ಅದೂ ಸಾಯುತ್ತೆ ಅನ್ನೋದು ಮೊದಲೇ ಹೊಳೆಯಬೇಕಿತ್ತು. ಕೈಬಿಟ್ಟೆ.

ಇಷ್ಟಾದ ಮೇಲೂ ಅಲ್ಲೊಂದು ಇಲ್ಲೊಂದು ಡಬಲ್ ಬರುತ್ತಲೇ ಇತ್ತು, ಅದೂ ಬೇರೆ ಬೇರೆ ಐಡಿಯಲ್ಲಿ. ಕೋಡ್ ಎಷ್ಟು ಜಾಲಾಡಿದರೂ ಸಿಗಲಿಲ್ಲ. ಕೊನೆಗೆ ಬಣಕಲ್ ಕಡೆಯ ಒಂದು ತೋಟದಲ್ಲಿ ಸಂಜೆ ಕಣದ ಹತ್ತಿರವೇ ಹೋಗಿ ನಿಂತೆ. ರೈಟ್ರು 42 ಹಾಕಿ ಒತ್ತಿದರು. ಹತ್ತು ಸೆಕೆಂಡಿಗೆ ಪರದೆಯ ಮೇಲೆ ಕೆಂಪಗೆ "ನೆಟ್‌ವರ್ಕ್ ದೋಷ" ಬಂತು. "ಥೋ, ಹೋಗ್ಲಿಲ್ಲ" ಅಂದವರೇ ಅದೇ ಹೆಸರು ತೆಗೆದು ಮತ್ತೆ 42 ಹಾಕಿದರು. ಯಂತ್ರ ರಿಟ್ರೈ ಮಾಡುತ್ತಿತ್ತು, ಮನುಷ್ಯನೂ ಮಾಡುತ್ತಿದ್ದ. ಮನುಷ್ಯ ಮಾಡಿದ ರಿಟ್ರೈಗೆ ಹೊಸ ಐಡಿ ಬರದೆ ಇನ್ನೇನು ಬರುತ್ತೆ?

ಆ ಕೆಂಪು ಸಾಲನ್ನು ಅಲ್ಲೇ ತೆಗೆದುಹಾಕಿದೆ. ಈಗ ಸೇವ್ ಒತ್ತಿದ ತಕ್ಷಣ ನೆಟ್‌ವರ್ಕ್ ಇರಲಿ ಬಿಡಲಿ "42 ಕೆಜಿ ಬರ್ಕೊಂಡಾಯ್ತು" ಅಂತ ಟಿಕ್ ಬೀಳುತ್ತೆ. ಅದು ಸುಳ್ಳಲ್ಲ, ಫೋನಿನಲ್ಲಿ ಬರೆದಾಗಿದೆ. ಮೇಲ್ಗಡೆ ಸಣ್ಣ ಪಟ್ಟಿಯಲ್ಲಿ "ಆಫೀಸಿಗೆ ಹೋಗಬೇಕಾದ್ದು: 14. ಮತ್ತೆ ಕಳಿಸೋದು 40 ಸೆಕೆಂಡಿಗೆ" ಅಂತ ಎಣಿಕೆ ಇಳಿಯುತ್ತಿರುತ್ತೆ. ಮೂರು ಗಂಟೆಗಿಂತ ಹಳೆಯದು ಉಳಿದಿದ್ದರೆ ಪಟ್ಟಿ ಹಳದಿಯಾಗಿ, ರಸ್ತೆ ಕಡೆ ಹೋದಾಗ ಆ್ಯಪ್ ತೆರೆಯಿರಿ ಅನ್ನುತ್ತೆ. ಕೆಂಪು ಬರೋದು ರೈಟ್ರೇ ತಿದ್ದಬೇಕಾದಾಗ ಮಾತ್ರ: ಕೆಲಸ ಬಿಟ್ಟುಹೋದ ಆಳಿನ ಹೆಸರಿಗೆ ತೂಕ ಹಾಕಿ ಸರ್ವರ್ 422 ಅಂದಾಗ. ಅಂಥದ್ದನ್ನು ಎಷ್ಟು ಸಲ ಕಳಿಸಿದರೂ ಅದೇ ಉತ್ತರ. ಹಿಂದೆ ಅದೊಂದು ಸರತಿಯ ತಲೆಯಲ್ಲಿ ಕೂತು ಹಿಂದಿನ ನಲವತ್ತನ್ನೂ ತಡೆದಿತ್ತು. ಈಗ ಅದನ್ನು ಪಕ್ಕಕ್ಕೆ ತೆಗೆದಿಟ್ಟು ಉಳಿದವು ಮುಂದೆ ಹೋಗುತ್ತವೆ. ಟೈಮ್‌ಔಟ್, 429, 500ರ ಸಾಲಿನವಕ್ಕಷ್ಟೇ ರಿಟ್ರೈ.

"ಈಗಲೇ ಕಳಿಸು" ಬಟನ್ ತೆಗೆದಿದ್ದೆ, ರೈಟ್ರುಗಳು ಜಗಳಕ್ಕೇ ಬಂದರು. ವಾಪಸ್ ಇಟ್ಟೆ. ಒತ್ತಿದರೆ ಕಾಯುವ ಲೆಕ್ಕ ಸೊನ್ನೆಯಾಗುತ್ತೆ. ಆಗಲೇ ಒಂದು ಹೋಗುತ್ತಿದ್ದರೆ "ಹೋಗ್ತಾ ಇದೆ" ಅಂತ ತೋರಿಸಿ ಸುಮ್ಮನಿರುತ್ತೆ. ಎಷ್ಟು ಕುಟ್ಟಿದರೂ ತೊಂದರೆಯಿಲ್ಲ.

ಫೆಬ್ರವರಿಯಲ್ಲಿ ಒಬ್ಬರ ಫೋನು ಹಣ್ಣು ತೊಳೆಯುವ ತೊಟ್ಟಿಗೆ ಬಿತ್ತು, ಕಳಿಸದೆ ಉಳಿದ 23 ಎಂಟ್ರಿ ಸಮೇತ. ಅದಕ್ಕೆ ಯಾವ ಬ್ಯಾಕ್‌ಆಫೂ ಇಲ್ಲ. ಪುಣ್ಯಕ್ಕೆ ಆ ತೋಟದ ಸಾಹುಕಾರ್ರು ನನ್ನನ್ನು ಇನ್ನೂ ಪೂರ್ತಿ ನಂಬಿರಲಿಲ್ಲ, ಪುಸ್ತಕದಲ್ಲೂ ಬರೆಸುತ್ತಿದ್ದರು.