ಫಾರಂ ಫೋಟೋದಲ್ಲಿ ಗೀಚಿ ಅಳಿಸಿದ್ದು ಟಿಕ್ ಆಗದ ಹಾಗೆ ನೋಡ್ಕೊಳ್ಳೋದು ಹೇಗೆ

ಕೈಯಲ್ಲಿ ತುಂಬಿದ ಫಾರಂ ಫೋಟೋ ಹೊಡೆದು ಡೇಟಾ ಮಾಡೋವಾಗ ಅಕ್ಷರಕ್ಕಿಂತ ಜಾಸ್ತಿ ತಲೆ ತಿನ್ನೋದು ಟಿಕ್ಕು, ಕಾಟು, ತಿದ್ದಿದ ಅಂಕಿ. ಒಂದು ಮನೆ ಸರ್ವೆ ಫಾರಂ ತಗೊಳ್ಳೋಣ: ನೀರು ಎಲ್ಲಿಂದ ಅನ್ನೋ ಕಡೆ 'ನಲ್ಲಿ' ಬಾಕ್ಸನ್ನ ಪೂರ್ತಿ ಗೀಚಿ 'ಬೋರ್‌ವೆಲ್'ಗೆ ಟಿಕ್ ಹಾಕಿದಾರೆ, ಮನೆಯವರ ಪಟ್ಟಿಯಲ್ಲಿ 6 ಹೆಸರಿದ್ದು ಒಂದಕ್ಕೆ ಕಾಟು ಬಿದ್ದಿದೆ, ಒಟ್ಟು ಸದಸ್ಯರು ಅನ್ನೋ ಕಡೆ 6ರ ಮೇಲೇ 5 ತಿದ್ದಿದಾರೆ.

ಮೊದಲು ಫೋಟೋನ ಖಾಲಿ ಫಾರಂ ಮೇಲೆ ಸರಿಯಾಗಿ ಕೂರಿಸಿ. ನಾಲ್ಕು ಮೂಲೆ ಹಿಡಿದು ಓರೆ ತೆಗೆದ್ರೆ ಪ್ರತಿ ಬಾಕ್ಸ್ ಎಲ್ಲಿದೆ ಅಂತ ಮೊದಲೇ ಗೊತ್ತಿರುತ್ತೆ, ಹುಡುಕೋ ಕೆಲಸ ಇಲ್ಲ. ಪೇಪರ್ ಮಡಿಚಿದ್ರೆ ಮಾತ್ರ ಇದು ಪೂರ್ತಿ ಕೂರಲ್ಲ, ಬಾಕ್ಸ್ ಗೆರೆನೇ ಇಂಕ್ ಥರ ಕಾಣುತ್ತೆ, ಅಂಥದನ್ನ ಮತ್ತೆ ಫೋಟೋ ತೆಗೆಸೋದೇ ವಾಸಿ.

ಆಮೇಲೆ ಬಾಕ್ಸಿನ ಗೆರೆ ಬಿಟ್ಟು ಒಳಗೆ ಎಷ್ಟು ಭಾಗ ಕಪ್ಪಾಗಿದೆ ಅಂತ ಅಳೀರಿ. ಎಲ್ಲರೂ ಎಡವೋದು ಇಲ್ಲೇ: ಇಂಕ್ ಜಾಸ್ತಿ ಇದ್ರೆ ಟಿಕ್ ಅಂದ್ಕೊಂಡ್ರೆ ನಮ್ಮ ಗೀಚಿದ 'ನಲ್ಲಿ'ನೇ ಗೆಲ್ಲುತ್ತೆ! ಅದಕ್ಕೆ ಎರಡು ಮಿತಿ ಬೇಕು, ಕೆಳಗಿನದಕ್ಕಿಂತ ಕಮ್ಮಿ ಇದ್ರೆ ಖಾಲಿ, ನಡುವೆ ಇದ್ರೆ ಟಿಕ್, ಮೇಲಿನದನ್ನ ದಾಟಿದ್ರೆ ಬಹುಶಃ ಗೀಚಿದ್ದು. ಆ ಮಿತಿ ಎಷ್ಟು ಅಂತ ನಿಮ್ಮದೇ ನೂರಿನ್ನೂರು ಬಾಕ್ಸನ್ನ ಕಣ್ಣಲ್ಲಿ ನೋಡಿ ಗೊತ್ತು ಮಾಡ್ಕೊಳ್ಳಿ, ದಪ್ಪ ಪೆನ್ನಿಗೆ ಒಂದು, ಪೆನ್ಸಿಲ್‌ಗೆ ಇನ್ನೊಂದು ಆಗುತ್ತೆ. ಕೆಲವರು ಬಾಕ್ಸ್ ತುಂಬಿಸೋದನ್ನೇ ಟಿಕ್ ಅನ್ಕೊಂಡಿರ್ತಾರೆ, ಅದಕ್ಕೆ ಪಕ್ಕದ ಬಾಕ್ಸ್ ಸೇರಿಸಿ ನೋಡಿ: ಒಂದೇ ಉತ್ತರದ ಪ್ರಶ್ನೆಯಲ್ಲಿ ಒಂದು ತುಂಬಿದೆ, ಇನ್ನೊಂದಕ್ಕೆ ಟಿಕ್ ಇದೆ ಅಂದ್ರೆ ಟಿಕ್ ಇರೋದೇ ಉತ್ತರ.

ಕಾಟು ಹಾಕಿದ ಹೆಸರು ಇನ್ನೂ ಮೋಸ, ಯಾಕಂದ್ರೆ ಓದೋ ಸಾಫ್ಟ್‌ವೇರ್ ಎಷ್ಟೋ ಸಲ ಗೆರೆ ಬಿಟ್ಟು ಹೆಸರನ್ನ ನೀಟಾಗಿ ಓದಿಬಿಡುತ್ತೆ. ಮೊದಲು ಪ್ರಿಂಟ್ ಗೆರೆಗಳನ್ನ ತೆಗೆದು, ಅಕ್ಷರದ ನಡು ಎತ್ತರದಲ್ಲಿ ಹೆಸರಿನುದ್ದಕ್ಕೂ ಹೋಗೋ ಅಡ್ಡ ಗೆರೆ ಇದೆಯಾ ನೋಡಿ. ಹಿಂದಿ ಥರ ಕನ್ನಡಕ್ಕೆ ತಲೆಗೆರೆ ಇಲ್ಲ, ಅಷ್ಟು ಮಟ್ಟಿಗೆ ನಾವು ಅದೃಷ್ಟವಂತರು.

ತಿದ್ದಿದ ಅಂಕಿನ ಊಹೆ ಮಾಡ್ಬೇಡಿ, ಫಾರಂನಲ್ಲೇ ಬೇರೆ ಕಡೆ ಸಾಕ್ಷಿ ಹುಡುಕಿ. ಇಲ್ಲಿ 6 ಹೆಸರಲ್ಲಿ ಒಂದು ಕಾಟು, ಉಳಿದಿದ್ದು 5, ತಿದ್ದಿದ ಅಂಕಿನೂ 5. ತಾಳೆ ಆಯ್ತು, ಡೇಟಾದಲ್ಲಿ ಕೆಳಗಿನ ಥರ ಬರೀರಿ. ತಾಳೆ ಆಗದಿದ್ರೆ `value` ಖಾಲಿ ಬಿಟ್ಟು ಮನುಷ್ಯರ ಕಣ್ಣಿಗೆ ಕಳಿಸಿ.

```
{"field": "members",
 "seen": ["6", "5"],
 "mark": "overwritten",
 "value": 5,
 "review": false}
```

`seen`ನಲ್ಲಿ ಹಳೇ ಅಂಕಿನೂ ಇಟ್ಟಿದೀನಿ ನೋಡಿ, ಹೊಡೆದು ಹಾಕಿದ ಹೆಸರನ್ನೂ ಹೀಗೇ `struck` ಅಂತ ಇಡಿ, ಡಿಲೀಟ್ ಮಾಡ್ಬೇಡಿ. ನಾಳೆ ಆ ಮನೆಯವರು ಬಂದು ನಮ್ಮ ಅಜ್ಜಿ ಹೆಸರು ಎಲ್ಲಿ ಅಂತ ಕೇಳಿದ್ರೆ ಕಾಟು ಹಾಕಿದ್ದು ಫಾರಂ ತುಂಬಿದವರೋ ನಮ್ಮ ಸಾಫ್ಟ್‌ವೇರೋ ಅಂತ ತೋರಿಸೋಕೆ ಅದೊಂದೇ ದಾರಿ.