ಲೈಸೆನ್ಸಿನಲ್ಲಿ ಎರಡು ತಾರೀಖು ಇರುತ್ತವೆ

ಪುಣೆಯ ಭೋಸರಿಯಲ್ಲಿ ನಮ್ಮದೊಂದು ಲಾರಿ ಇದೆ. ಹೋದ ತಿಂಗಳು ವಿಜಯಪುರ ಕಡೆಯ ಹುಡುಗನೊಬ್ಬ ಕೆಲಸ ಕೇಳಿಕೊಂಡು ಬಂದ. "ಲೈಸೆನ್ಸ್ 2034ರ ತನಕ ಐತ್ರಿ ಅಣ್ಣಾರ" ಅಂದ. ಕಾರ್ಡಿನಲ್ಲಿ ಹಾಗೇ ಇತ್ತು. ಆದರೆ ಆ ತಾರೀಖು NT ಎದುರಿಗಿತ್ತು, ಅಂದರೆ ಸ್ವಂತ ಕಾರು, ಬೈಕಿಗೆ. ಅದರ ಕೆಳಗೆ TR, ಅಂದರೆ ಬಾಡಿಗೆ ಮತ್ತು ಸರಕು ಗಾಡಿಗಳ ತಾರೀಖು. ಅದು ಮುಗಿದು ಎರಡು ತಿಂಗಳಾಗಿತ್ತು! ಇದನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಅವನು ಮೇಲಿನದನ್ನೇ ನಂಬಿದ್ದ ಪಾಪ.

ಕಾರ್ಡನ್ನಷ್ಟೇ ನಂಬದೆ ಪರಿವಾಹನ್ ಸೈಟಿನಲ್ಲಿ ಲೈಸೆನ್ಸ್ ನಂಬರ್, ಹುಟ್ಟಿದ ತಾರೀಖು ಹಾಕಿ ನೋಡಿದೆ. ಅಲ್ಲೂ ಅದೇ ಇತ್ತು.

ಒಟ್ಟು ತೂಕ 7,500 ಕಿಲೋ ಒಳಗಿನ ಸರಕು ಗಾಡಿಗೆ ಬರೀ LMV, ಅಂದರೆ ಹಗುರ ವಾಹನದ ಲೈಸೆನ್ಸ್ ಸಾಕು ಅಂತ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆರ್‌ಸಿ ತೆಗೆದು ನೋಡಿದರೆ ನಮ್ಮ ಲಾರಿಯದು ಅದಕ್ಕಿಂತ ಜಾಸ್ತಿ. ಹಾಗಾಗಿ ಫಾರ್ಮ್ 1Aಯಲ್ಲಿ ಡಾಕ್ಟರ್ ಸರ್ಟಿಫಿಕೇಟ್ ಮಾಡಿಸಿ ನವೀಕರಣಕ್ಕೆ ಹಾಕಿಸಿದೆ. ಹೊಸ ತಾರೀಖು ಸೈಟಿನಲ್ಲಿ ಕಂಡ ಮೇಲೇ ಕೀಲಿ ಕೊಟ್ಟೆ.

ಥಿನ್ನರ್ ಡ್ರಮ್ಮಿನ ಲೋಡಿಗೆ ಮಾತ್ರ ಕಳಿಸುತ್ತಿಲ್ಲ. ಅದಕ್ಕೆ ಬೇಕಾದ ಅಪಾಯಕಾರಿ ಸರಕಿನ ನಮೂದು ಅವನ ಲೈಸೆನ್ಸಿನಲ್ಲಿ ಇನ್ನೂ ಇಲ್ಲ.